ಜೋರು ಮಳೆಯಲ್ಲಿ ಕಡಿಮೆ ಎಣಿಸುವ ಮಳೆಮಾಪಕ

ಟಿಪ್ಪಿಂಗ್ ಬಕೆಟ್ ಮಳೆಮಾಪಕದ ಒಳಗೆ ಸೀಸಾ ಹಲಗೆಯಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲುಗಳಿರುತ್ತವೆ. ಮೇಲಿನ ಆಲಿಕೆಯಲ್ಲಿ ಬಿದ್ದ ಮಳೆನೀರು ಸಣ್ಣ ರಂಧ್ರದಿಂದ ಇಳಿದು ಒಂದು ಬಟ್ಟಲನ್ನು ತುಂಬುತ್ತದೆ. ಗೊತ್ತುಪಡಿಸಿದಷ್ಟು ನೀರು ಸೇರಿದೊಡನೆ ಆ ಬಟ್ಟಲು ಮಗುಚಿ ನೀರನ್ನು ಹೊರಚೆಲ್ಲುತ್ತದೆ, ಇನ್ನೊಂದು ಬಟ್ಟಲು ರಂಧ್ರದ ಕೆಳಗೆ ಬರುತ್ತದೆ. ಮಗುಚುವಾಗ ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಎದುರು ಹಾದುಹೋಗಿ ಒಂದು ವಿದ್ಯುತ್ ಸಂಕೇತ ಹುಟ್ಟುತ್ತದೆ. ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದು, ಬಟ್ಟಲು 4 ಮಿಲಿಲೀಟರಿಗೆ ಮಗುಚುವಂತಿದ್ದರೆ ಒಂದು ಮಗುಚು ಎಂದರೆ 0.2 ಮಿ.ಮೀ. ಮಳೆ. ಹಾಗಾದರೆ ಮಗುಚುಗಳನ್ನು ಎಣಿಸಿ 0.2ರಿಂದ ಗುಣಿಸಿದರೆ ಮುಗಿಯಿತೇ? ಬೆಳಗಾವಿ ನಗರದ ಸಾಧಾರಣ ಮಳೆಗೆ ಈ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಖಾನಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಆಷಾಢದ ಮಳೆ ಹೊಯ್ಯುವಾಗ ಈ ಲೆಕ್ಕ ನಿಲ್ಲುವುದಿಲ್ಲ.

ಕಾರಣ ಬಟ್ಟಲಿನ ಚಲನೆಯಲ್ಲೇ ಇದೆ. ಬಟ್ಟಲು ಮಗುಚಲು ಆರಂಭಿಸಿದ ಕ್ಷಣದಿಂದ ನಡುಬಿಂದು ದಾಟುವವರೆಗೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲೂ ಮೇಲಿನಿಂದ ನೀರು ಸುರಿಯುತ್ತಲೇ ಇರುತ್ತದೆ ಮತ್ತು ಅದು ಆಗಲೇ ತುಂಬಿದ ಬಟ್ಟಲಿಗೇ ಬಿದ್ದು ಲೆಕ್ಕಕ್ಕೆ ಸಿಗದೆ ಹೊರಹೋಗುತ್ತದೆ. ತುಂತುರು ಮಳೆಯಲ್ಲಿ ಈ ಹೆಚ್ಚುವರಿ ನೀರು ಗಣನೆಗೆ ಬಾರದಷ್ಟು ಕಡಿಮೆ. ಗಂಟೆಗೆ 100 ಮಿ.ಮೀ. ವೇಗದ ಮಳೆಯಲ್ಲಿ ಅದು ಪ್ರತಿ ಮಗುಚಿನ ಶೇಕಡಾ ನಾಲ್ಕೈದರಷ್ಟಾಗುತ್ತದೆ. ಮಳೆ ಜೋರಾದಷ್ಟೂ ಯಂತ್ರ ಕಡಿಮೆ ಎಣಿಸುತ್ತದೆ, ಎಂದರೆ ಪ್ರವಾಹದ ಮುನ್ಸೂಚನೆಗೆ ಅಳತೆ ಬಹಳ ಬೇಕಾದ ಹೊತ್ತಿನಲ್ಲೇ ಸುಳ್ಳು ಹೇಳುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಇಂಥ ಮಾಪಕ ಕಟ್ಟಿದಾಗ ಪರೀಕ್ಷಕರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಒಂದು ಮಗುಚು ಯಾವ ವೇಗದಲ್ಲಿ ಎಷ್ಟು ಮಿ.ಮೀ., ಮತ್ತು ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮೊದಲರ್ಧಕ್ಕೆ ಉತ್ತರ ಕ್ಯಾಲಿಬ್ರೇಶನ್ ರೇಖೆಯಿಂದ ಸಿಗುತ್ತದೆ. ಅದಕ್ಕೆ ಒಂದೇ ವೇಗದಲ್ಲಿ ನೀರು ಬಿಡುವ ಏರ್ಪಾಟು ಬೇಕು. ನಲ್ಲಿಯಾಗಲಿ ತೂಗುಹಾಕಿದ ಬಕೆಟ್ಟಾಗಲಿ ಆಗದು, ನೀರಿನ ಮಟ್ಟ ಇಳಿದಂತೆ ಹರಿವೂ ಇಳಿಯುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿದ ಬಾಟಲಿಯೊಳಗೆ ಗಾಳಿ ಬರಲು ಒಂದು ಕೊಳವೆಯನ್ನು ತಳದ ಹತ್ತಿರದವರೆಗೆ ಇಳಿಸಿ, ಕೆಳಗೆ ಇಂಜೆಕ್ಷನ್ ಸೂಜಿಯಿಂದ ನೀರು ಬಿಟ್ಟರೆ, ನೀರಿನ ಮಟ್ಟ ಆ ಕೊಳವೆಯ ತುದಿಗೆ ಇಳಿಯುವ ತನಕ ಹರಿವು ಬದಲಾಗುವುದಿಲ್ಲ. ಇದು ಮಾರಿಯಟ್ ಬಾಟಲಿ. ಸೂಜಿಯ ಗಾತ್ರ ಬದಲಿಸಿದರೆ ಬೇರೆ ಬೇರೆ ವೇಗಗಳು ಸಿಗುತ್ತವೆ. ಬಿಟ್ಟ ನೀರನ್ನು ಅಳತೆಪಾತ್ರೆಯಿಂದ ಅಳೆಯುವುದಕ್ಕಿಂತ ತೂಗುವುದು ಒಳ್ಳೆಯದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು 1000 ಗ್ರಾಂ ತೂಗದೆ ಸುಮಾರು 997 ಗ್ರಾಂ ತೂಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಒಂದು ಮಾದರಿ ಲೆಕ್ಕ ನೋಡಬಹುದು. ಪ್ರತಿ ಸಲವೂ ಒಂದು ಲೀಟರ್, ಎಂದರೆ 50 ಮಿ.ಮೀ. ಮಳೆಗೆ ಸಮನಾದ ನೀರು ಬಿಡಲಾಗಿದೆ. ಕೊನೆಗೆ ಬಟ್ಟಲಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿದ್ದರೆ ಅದನ್ನು ಒಂದು ಮಗುಚು ಎಂದು ಸೇರಿಸಿ, ಕಡಿಮೆ ಇದ್ದರೆ ಬಿಡಲಾಗಿದೆ. ಗಂಟೆಗೆ 20 ಮಿ.ಮೀ. ವೇಗದಲ್ಲಿ ಎರಡೂವರೆ ಗಂಟೆ ಹಿಡಿದು 243 ಮಗುಚುಗಳಾದವು ಎನ್ನೋಣ. 50ರ ವೇಗದಲ್ಲಿ 239, 100ರಲ್ಲಿ 234, 150ರಲ್ಲಿ 228, 200ರ ವೇಗದಲ್ಲಿ ಕಾಲು ಗಂಟೆಯಲ್ಲಿ 223. ಬಿದ್ದ ನೀರು ಅಷ್ಟೇ, ಎಣಿಕೆ ಮಾತ್ರ ಇಳಿಯುತ್ತಾ ಹೋಗಿದೆ. 50ನ್ನು ಈ ಎಣಿಕೆಗಳಿಂದ ಭಾಗಿಸಿದರೆ ಒಂದು ಮಗುಚಿನ ನಿಜವಾದ ಆಳ ಸಿಗುತ್ತದೆ: ಮೊದಲನೆಯದರಲ್ಲಿ 0.2058 ಮಿ.ಮೀ., ಕೊನೆಯದರಲ್ಲಿ 0.2242 ಮಿ.ಮೀ.

ಮಳೆಯ ವೇಗವನ್ನು ಅಡ್ಡ ಅಕ್ಷದಲ್ಲೂ ಮಗುಚಿನ ಆಳವನ್ನು ಲಂಬ ಅಕ್ಷದಲ್ಲೂ ಇಟ್ಟರೆ ಐದು ಬಿಂದುಗಳು ಬಹುಮಟ್ಟಿಗೆ ಒಂದು ಸರಳರೇಖೆಯ ಮೇಲೆ ಕೂರುತ್ತವೆ. ಕನಿಷ್ಠ ವರ್ಗಗಳ ವಿಧಾನದಿಂದ ಎಳೆದ ರೇಖೆ ಹೀಗಿರುತ್ತದೆ:

d = 0.2038 + 0.000102 × I

ಇಲ್ಲಿ d ಎಂದರೆ ಮಗುಚಿನ ಆಳ, I ಎಂದರೆ ಗಂಟೆಗೆ ಮಿ.ಮೀ. ಲೆಕ್ಕದಲ್ಲಿ ಮಳೆಯ ವೇಗ. ಈ ಎರಡು ಸಂಖ್ಯೆಗಳಿಗೂ ಯಂತ್ರದಲ್ಲಿ ನೆಲೆಯಿದೆ. 0.2038 ಎಂಬುದು ನೀರು ನಿಧಾನವಾಗಿ ಬಂದಾಗ ಬಟ್ಟಲು ಮಗುಚುವ ಮಟ್ಟ, ಕೆಳಗಿನ ತಿರುಪನ್ನು ಸ್ವಲ್ಪ ತಿರುಗಿಸಿದರೆ ಇದು ಬದಲಾಗುತ್ತದೆ. ರೇಖೆಯ ಇಳಿಜಾರನ್ನು ಗಂಟೆಯಿಂದ ಸೆಕೆಂಡಿಗೆ ತಂದರೆ 0.37 ಸೆಕೆಂಡ್ ಬರುತ್ತದೆ, ಅದೇ ಬಟ್ಟಲು ನಡುಬಿಂದು ತಲುಪುವ ಹೊತ್ತು. ಮೊಬೈಲಿನ ಸ್ಲೋಮೋಶನ್ ವಿಡಿಯೊದಲ್ಲಿ ಈ ಹೊತ್ತನ್ನು ನೇರವಾಗಿ ಅಳೆದು ನೋಡಬಹುದು. ಎರಡೂ ತಾಳೆಯಾದರೆ ಆ ರೇಖೆಗೆ ಸಿಗುವ ಬೆಲೆ ಎಕ್ಸೆಲ್ ತೋರಿಸುವ R² = 0.999ಗಿಂತ ಎಷ್ಟೋ ಹೆಚ್ಚು. ಐದು ಬಿಂದುಗಳ ಮೂಲಕ ನಾಲ್ಕನೇ ಘಾತದ ಬಹುಪದಿಯನ್ನು ಹಾಯಿಸಿದರೆ R² ಸರಿಯಾಗಿ 1 ಬರುತ್ತದೆ, ಆದರೆ ಆ ವಕ್ರರೇಖೆಗೆ ಯಂತ್ರದೊಳಗಿನ ಯಾವ ಘಟನೆಯೂ ಹೊಂದುವುದಿಲ್ಲ, ಅಳೆದ ವ್ಯಾಪ್ತಿಯ ಆಚೆ ಅದು ಎಲ್ಲಿಗೆ ಬೇಕಾದರೂ ಹಾರುತ್ತದೆ. ರೇಖೆ ಎಳೆಯಲು ಬಳಸದ ಒಂದು ವೇಗದಲ್ಲಿ, ಉದಾಹರಣೆಗೆ ಗಂಟೆಗೆ 75 ಮಿ.ಮೀ.ನಲ್ಲಿ, ಮತ್ತೊಮ್ಮೆ ನೀರು ಬಿಟ್ಟು ನೋಡುವುದು ಪ್ರಾಮಾಣಿಕ ಪರೀಕ್ಷೆ. ರೇಖೆಯ ಪ್ರಕಾರ ಅಲ್ಲಿ 236 ಮಗುಚುಗಳಾಗಬೇಕು.

ಇನ್ನು ನಂಬಿಕೆಯ ಪ್ರಶ್ನೆ. ಐದು ಬಿಂದುಗಳು ರೇಖೆಯಿಂದ ಆಚೀಚೆ ಸರಿದಿರುವುದು ಸರಾಸರಿ 0.0003 ಮಿ.ಮೀ., ಎಂದರೆ ಸುಮಾರು ಶೇ. 0.13. ಇದು ಎಲ್ಲಿಂದ ಬಂತು? ಎಣಿಕೆಯಲ್ಲಿ ಅರ್ಧ ಮಗುಚಿನ ಅನುಮಾನ ಯಾವಾಗಲೂ ಇರುತ್ತದೆ. ಆ ಅರ್ಧದೊಳಗೆ ಎಲ್ಲಾ ಬೆಲೆಗಳಿಗೂ ಸಮಾನ ಅವಕಾಶವಿದ್ದಾಗ ಅದನ್ನು 3ರ ವರ್ಗಮೂಲದಿಂದ ಭಾಗಿಸಬೇಕು ಎಂಬುದು ಅಳತೆಶಾಸ್ತ್ರದ ನಿಯಮ. ಆಗ 0.29 ಮಗುಚು ಸಿಗುತ್ತದೆ, 235 ಮಗುಚುಗಳಲ್ಲಿ ಅದು ಶೇ. 0.12. ಚದುರುವಿಕೆಯನ್ನು ಬಹುತೇಕ ಎಣಿಕೆಯ ಒರಟುತನವೇ ವಿವರಿಸಿಬಿಡುತ್ತದೆ, ಬಟ್ಟಲು ತನ್ನಷ್ಟಕ್ಕೆ ಸ್ಥಿರವಾಗಿ ಕೆಲಸ ಮಾಡುತ್ತಿದೆ.

ಬಹಳಷ್ಟು ಪ್ರಾಜೆಕ್ಟ್ ವರದಿಗಳು ಇಲ್ಲಿಗೇ ನಿಂತು ‘ನಿಖರತೆ ಶೇ. 99.87’ ಎಂದು ಬರೆದುಬಿಡುತ್ತವೆ. ಆದರೆ ಪ್ರಯೋಗವನ್ನು ನೂರು ಸಲ ಮಾಡಿದರೂ ಬಯಲಾಗದ ತಪ್ಪುಗಳಿವೆ, ಏಕೆಂದರೆ ಅವು ಪ್ರತಿ ಸಲವೂ ಒಂದೇ ರೀತಿ ಬರುತ್ತವೆ. 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿ ‘ಗಮ್’ ಅನಿಶ್ಚಿತತೆಯನ್ನು ಅಂದಾಜಿಸುವ ದಾರಿಗಳನ್ನು ಎರಡಾಗಿ ವಿಂಗಡಿಸುತ್ತದೆ. ಮರುಮರು ಅಳೆದ ಬೆಲೆಗಳ ಚದುರುವಿಕೆಯಿಂದ ಲೆಕ್ಕ ಹಾಕುವುದು ಎ ವಿಧ. ಉಪಕರಣದ ಪ್ರಮಾಣಪತ್ರ, ಅಳತೆಪಟ್ಟಿಯ ಗೆರೆ, ಅನುಭವ ಇಂಥ ಬೇರೆ ತಿಳಿವಳಿಕೆಯಿಂದ ಲೆಕ್ಕ ಹಾಕುವುದು ಬಿ ವಿಧ. ಎರಡನ್ನೂ ಸೇರಿಸದೆ ಅಳತೆಯ ಲೆಕ್ಕ ಪೂರ್ಣವಾಗದು.

ಮಳೆಮಾಪಕದಲ್ಲಿ ಬಿ ವಿಧದ ದೊಡ್ಡ ಪಾಲು ಆಲಿಕೆಯ ಬಾಯಿಯದು. 200 ಚದರ ಸೆಂ.ಮೀ.ಗೆ ವ್ಯಾಸ 159.6 ಮಿ.ಮೀ. ಇರಬೇಕು. ತಗಡಿನ ಅಂಚು ಚೂಪಾಗಿರದೆ ದುಂಡಗಿದ್ದರೆ ಅದರ ಮೇಲೆ ಬಿದ್ದ ಹನಿ ಒಳಗೆ ಜಾರುವುದೋ ಹೊರಗೋ ಹೇಳಲಾಗದು, ಹಾಗಾಗಿ ವ್ಯಾಸವೇ 1 ಮಿ.ಮೀ. ಹೆಚ್ಚು ಕಡಿಮೆ ಎನ್ನಬೇಕಾಗುತ್ತದೆ. 3ರ ವರ್ಗಮೂಲದಿಂದ ಭಾಗಿಸಿದರೆ 0.58 ಮಿ.ಮೀ., ವ್ಯಾಸದ ಶೇ. 0.36. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಇದು ಇಮ್ಮಡಿಯಾಗಿ ಶೇ. 0.72 ಆಗುತ್ತದೆ. ಇದರ ಮುಂದೆ 2 ಗ್ರಾಂ ತಪ್ಪುವ ತಕ್ಕಡಿಯ ಪಾಲು ಶೇ. 0.12 ಮಾತ್ರ. ಪೈಪಿನಿಂದ ಆಲಿಕೆ ಮಾಡಿಕೊಳ್ಳುವವರು ಇನ್ನೊಂದು ಕಡೆ ಎಡವುತ್ತಾರೆ: ಅಂಗಡಿಯಲ್ಲಿ 160 ಎಂದು ಮಾರುವ ಪಿವಿಸಿ ಪೈಪಿನ ಆ ಸಂಖ್ಯೆ ಹೊರವ್ಯಾಸದ್ದು. ಗೋಡೆ 4 ಮಿ.ಮೀ. ದಪ್ಪವಿದ್ದರೆ ಒಳವ್ಯಾಸ 152ಕ್ಕಿಳಿದು ವಿಸ್ತೀರ್ಣ ಶೇಕಡಾ ಹತ್ತರಷ್ಟು ಕುಗ್ಗುತ್ತದೆ. ಇದನ್ನು ಅನಿಶ್ಚಿತತೆ ಎನ್ನಲಾಗದು, ಇದು ಬರಿಯ ತಪ್ಪು. ವರ್ನಿಯರ್‌ನಿಂದ ಅಳೆದು ತಿದ್ದಬೇಕು.

ಒಂದಕ್ಕೊಂದು ಸಂಬಂಧವಿಲ್ಲದ ಪಾಲುಗಳನ್ನು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ. 0.12, 0.12 ಮತ್ತು 0.72 ಸೇರಿ ಶೇ. 0.74 ಆಗುತ್ತದೆ. ಸುಮಾರು ಶೇ. 95ರ ಭರವಸೆಗಾಗಿ ಅದನ್ನು 2ರಿಂದ ಗುಣಿಸಿದರೆ ಶೇ. 1.5. ದೊಡ್ಡ ಪಾಲೊಂದೇ ಬಹುತೇಕ ಇಡೀ ಮೊತ್ತವಾಗಿದೆ. ದುಬಾರಿ ತಕ್ಕಡಿ ಕೊಳ್ಳುವ ಬದಲು ಲೇಥ್‌ನಲ್ಲಿ ಆಲಿಕೆಯ ಅಂಚನ್ನು ಚೂಪಾಗಿ ಕಡೆಸುವುದೇ ಸರಿಯಾದ ಖರ್ಚು ಎಂದು ಈ ಲೆಕ್ಕ ಹೇಳುತ್ತದೆ.

ಮಾಪಕವನ್ನು ಖಾನಾಪುರದ ಕಡೆ ನೆಟ್ಟ ಮೇಲೆ ಮಳೆಯ ವೇಗವನ್ನು ಬೇರೆ ಯಾರೂ ತಿಳಿಸುವುದಿಲ್ಲ, ಎರಡು ಮಗುಚುಗಳ ನಡುವಿನ ಹೊತ್ತಿನಿಂದಲೇ ಅದನ್ನು ತಿಳಿಯಬೇಕು. ಆ ಹೊತ್ತು T ಸೆಕೆಂಡ್ ಆಗಿದ್ದರೆ ರೇಖೆಯ ಸಮೀಕರಣ ಹೀಗೆ ಮಾರ್ಪಡುತ್ತದೆ:

d = 0.2038 / (1 − 0.37/T)

ಐದು ಸೆಕೆಂಡಿಗೊಮ್ಮೆ ಮಗುಚುತ್ತಿದ್ದರೆ ಪ್ರತಿ ಮಗುಚು 0.220 ಮಿ.ಮೀ. ಈ ಕಾರಣಕ್ಕೆ ಪ್ರತಿ ಮಗುಚಿನ ಸಮಯವನ್ನೂ ದಾಖಲಿಸಬೇಕು, ದಿನದ ಮೊತ್ತ ಸಾಲದು. ಒಂದು ದಿನದಲ್ಲಿ 1000 ಮಗುಚುಗಳಾದವು, ಅಷ್ಟೂ ಗಂಟೆಗೆ 50 ಮಿ.ಮೀ. ವೇಗದ ನಾಲ್ಕು ಗಂಟೆಯ ಜಡಿಮಳೆಯಲ್ಲಿ ಆದವು ಎಂದುಕೊಂಡರೆ ನಿಜವಾದ ಮಳೆ 209 ಮಿ.ಮೀ. ಅದೇ ಮಳೆಯನ್ನು 24 ಗಂಟೆಗೆ ಹಂಚಿ ಸರಾಸರಿ ವೇಗದಿಂದ ತಿದ್ದಿದರೆ 205 ಮಾತ್ರ ಬರುತ್ತದೆ, ತಿದ್ದದೇ ಬಿಟ್ಟರೆ 200. ವರದಿಯಲ್ಲಿ ಬರೆಯಬೇಕಾದದ್ದು ‘209 ± 3 ಮಿ.ಮೀ., k = 2’. ‘208.9 ಮಿ.ಮೀ.’ ಎಂದು ಬರೆದರೆ ಇಲ್ಲದ ದಶಾಂಶಕ್ಕೆ ಭರವಸೆ ಕೊಟ್ಟಂತೆ.

ಸಮಯದ ದಾಖಲೆ ಯಂತ್ರದ ಕಾಯಿಲೆಗಳನ್ನೂ ತೋರಿಸುತ್ತದೆ. ರೀಡ್ ಸ್ವಿಚ್ಚಿನ ಲೋಹದ ಪಟ್ಟಿಗಳು ಮುಚ್ಚುವಾಗ ಒಮ್ಮೊಮ್ಮೆ ಅದುರಿ ಒಂದು ಮಗುಚನ್ನು ಎರಡಾಗಿ ಎಣಿಸಿಬಿಡುತ್ತವೆ. ಗಂಟೆಗೆ 200 ಮಿ.ಮೀ. ಮಳೆಯಲ್ಲೂ ಎರಡು ಮಗುಚುಗಳ ನಡುವೆ 4 ಸೆಕೆಂಡ್ ಇರುತ್ತದೆ, ಹಾಗಾಗಿ ಅರ್ಧ ಸೆಕೆಂಡಿನೊಳಗೆ ಬಂದ ಎರಡನೇ ಸಂಕೇತವನ್ನು ನಿಶ್ಚಿಂತೆಯಿಂದ ಕೈಬಿಡಬಹುದು. ಬಾಟಲಿಯಿಂದ ಒಂದೇ ಸಮನೆ ನೀರು ಬಿಟ್ಟಾಗ ಹೊತ್ತುಗಳು ಒಂದು ಉದ್ದ, ಒಂದು ಗಿಡ್ಡ ಎಂದು ಸರದಿಯಲ್ಲಿ ಬರುತ್ತಿದ್ದರೆ ಮಾಪಕ ಮಟ್ಟವಾಗಿ ಕೂತಿಲ್ಲ ಅಥವಾ ಎರಡು ಬದಿಯ ತಿರುಪುಗಳು ಸಮನಾಗಿಲ್ಲ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒಂದೇ ಲಯದಲ್ಲಿ ಮಗುಚುಗಳು ಬರುತ್ತಿದ್ದರೆ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡು ನೀರು ನಿಂತಿದೆ ಎಂದರ್ಥ. ಕಾಡಿನಂಚಿನಲ್ಲಿ ಇದು ಮಳೆಗಾಲವಿಡೀ ಕಾಡುವ ತೊಂದರೆ.

ಶೇ. 1.5 ಎಂಬುದು ಆಲಿಕೆಯೊಳಗೆ ಬಿದ್ದ ನೀರಿನ ಲೆಕ್ಕಕ್ಕೆ ಮಾತ್ರ ಸಲ್ಲುತ್ತದೆ. ಗಾಳಿ ಬೀಸುವಾಗ ಮಾಪಕದ ಬಾಯಿಯ ಮೇಲೆ ಗಾಳಿ ಎದ್ದು ಹಾದು ಸಣ್ಣ ಹನಿಗಳನ್ನು ಆಚೆ ಒಯ್ಯುತ್ತದೆ. ಈ ನಷ್ಟ ಸಾಮಾನ್ಯವಾಗಿ ಶೇಕಡಾ 2ರಿಂದ 10ರವರೆಗೆ ಇರುತ್ತದೆ, ಘಟ್ಟದ ಗಾಳಿಗೆ ತೆರೆದುಕೊಂಡ ದಿಬ್ಬದಲ್ಲಿ ಹೆಚ್ಚು, ಮರಗಳ ಮರೆಯಿರುವ ಬಯಲಿನಲ್ಲಿ ಕಡಿಮೆ. ಅದನ್ನು ಪ್ರಯೋಗಾಲಯದ ಬಾಟಲಿಯಿಂದ ತಿಳಿಯಲಾಗದು. ನೆಲಮಟ್ಟಕ್ಕೆ ಗುಂಡಿ ತೋಡಿ ಬಾಯಿ ನೆಲಕ್ಕೆ ಸಮನಾಗಿರುವಂತೆ ಇಟ್ಟ ಇನ್ನೊಂದು ಮಾಪಕದ ಜೊತೆ ಒಂದು ಮಳೆಗಾಲ ಹೋಲಿಸಿ ನೋಡಬೇಕು. ಆ ಹೋಲಿಕೆ ಆಗುವವರೆಗೆ ± 3ರ ಪಕ್ಕದಲ್ಲಿ ‘ಗಾಳಿಯ ನಷ್ಟ ಸೇರಿಲ್ಲ’ ಎಂದು ಬರೆದಿರಬೇಕು.