‘ಕುಳಿತವರು ಎಡದಿಂದ’ ಎನ್ನಲಾಗದ ಚಿತ್ರ

ಹಳೆಯ ಕಾಲೇಜು ಗ್ರೂಪ್ ಫೋಟೊಗಳ ಕೆಳಗೆ, ರಟ್ಟಿನ ಮೇಲೆ ಅಚ್ಚಾಗಿರುತ್ತಿದ್ದ ಸಾಲುಗಳನ್ನು ನೆನಪಿಸಿಕೊಳ್ಳಿ. ‘ಕುಳಿತವರು (ಎಡದಿಂದ)’, ‘ನಿಂತವರು, ಮೊದಲ ಸಾಲು’, ಕೊನೆಗೆ ಸಣ್ಣ ಅಕ್ಷರದಲ್ಲಿ ‘ಗೈರುಹಾಜರಾದವರು’. ಈ ಸಾಲು ಬರೆದವರಿಗೆ ಯಾವ ಅನುಮಾನವೂ ಇರಲಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ ಸೇರಿದ್ದರು. ಪ್ರತಿ ಯಾರ ಕೈಯಲ್ಲಿದ್ದರೂ ಎಡ ಎಂದರೆ ಎಡವೇ ಆಗಿತ್ತು. ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕೂತವರು ಅಮೆರಿಕದ ಗೆಳತಿಯೊಂದಿಗೆ ವಿಡಿಯೊ ಕಾಲ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಕೆಳಗೆ ಒಂದು ಸಾಲು ಬರೆಯಲು ಹೊರಟರೆ ಈ ಮೂರೂ ಕೈಕೊಡುತ್ತವೆ.

ದೂರದವರ ಮುಖ ನೋಡುತ್ತಾ ಮಾತಾಡುವ ಆಸೆ ಹಳೆಯದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ‘ಪಿಕ್ಚರ್‌ಫೋನ್’ ತೋರಿಸಿತು, 1970ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅದನ್ನು ಬಾಡಿಗೆಗೂ ಕೊಡತೊಡಗಿತು. ಬಾಡಿಗೆ ದುಬಾರಿ, ಪಡೆದವರು ಕಡಿಮೆ. ಬೆಂಗಳೂರಿನ ಕಥೆ ಬೇರೆಯೇ ದಾರಿಯಲ್ಲಿ ನಡೆಯಿತು. 1985ರಲ್ಲಿ ಇಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕಳಿಸಿದ್ದು ಚಿಪ್‌ಗಳ ವಿನ್ಯಾಸವನ್ನು, ಯಾರ ಮುಖವನ್ನೂ ಅಲ್ಲ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಸಂಸ್ಥೆ ಹುಟ್ಟಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೂ ಅಂಥ ಉಪಗ್ರಹ ಲಿಂಕ್ ಸಿಗತೊಡಗಿತು. ಸೆಕೆಂಡಿಗೆ 64 ಕಿಲೋಬಿಟ್ ಎಂದರೆ ಆಗ ದೊಡ್ಡ ಮಾತು. ಹಗಲೆಲ್ಲ ಅದೇ ಲಿಂಕಿನಲ್ಲಿ ಅಮೆರಿಕದ ಗ್ರಾಹಕರಿಗೆ ಕೋಡ್ ಕಳಿಸಿದ ಎಂಜಿನಿಯರು, ಅಮೆರಿಕಕ್ಕೆ ಹೋದ ಗೆಳೆಯನ ದನಿ ಕೇಳಲು ಸಂಜೆ ಐಎಸ್‌ಡಿ ಬೂತಿಗೆ ಹೋಗಿ ಮೀಟರ್ ನೋಡುತ್ತಾ ಮಾತಾಡಬೇಕಿತ್ತು.

ಆಮೇಲೆ ಸೈಬರ್ ಕೆಫೆಗಳು ಬಂದವು, ಮಾನಿಟರ್ ತಲೆಯ ಮೇಲೆ ಗುಂಡಗಿನ ವೆಬ್‌ಕ್ಯಾಮ್ ಬಂತು. 2003ರಲ್ಲಿ ಶುರುವಾದ ಸ್ಕೈಪ್‌ಗೆ ವಿಡಿಯೊ ಸೇರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವುದು ಆಂಡ್ರಾಯ್ಡ್‌ನಲ್ಲಿ ಎಲ್ಲರಿಗೂ ಸಲೀಸಾದದ್ದು 2011ರ 4.0 ಆವೃತ್ತಿಯಿಂದ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ನವೆಂಬರಿನಲ್ಲಿ ವಾಟ್ಸಾಪ್ ವಿಡಿಯೊ ಕಾಲ್ ಬಂತು. ಕರೆಯೂ ಫೋಟೊವೂ ಒಂದೇ ಸಾಧನದಲ್ಲಿ, ಹೆಚ್ಚಿನ ಖರ್ಚಿಲ್ಲದೆ ಸೇರಿದ್ದು ಆಗಲೇ. ‘ದೂರವಿದ್ದರೂ ಮನಸ್ಸಿಗೆ ಹತ್ತಿರ’ ಎಂಬ ಶೀರ್ಷಿಕೆಯೂ ಅಂದಿನಿಂದ ಸಾವಿರಾರು ಗೋಡೆಗಳ ಮೇಲೆ ತೂಗುತ್ತಿದೆ. ಯಾವ ಚಿತ್ರಕ್ಕಾದರೂ ಹೊಂದುವ ಸಾಲು ಯಾವ ಚಿತ್ರಕ್ಕೂ ಶೀರ್ಷಿಕೆಯಲ್ಲ ಎಂಬುದು ನನ್ನ ತಕರಾರು.

ಒಂದು ಉದಾಹರಣೆ ಹಿಡಿದು ನೋಡೋಣ. 2024ರ ನವೆಂಬರ್ 3, ಭಾನುವಾರ. ದೀಪಾವಳಿ ಮುಗಿದ ಮರುದಿನ ಬೆಳಿಗ್ಗೆ 9 ಗಂಟೆ ದಾಟಿದೆ. ವೈಟ್‌ಫೀಲ್ಡಿನವಳು ಸ್ಯಾನ್ ಹೋಸೆಯ ಗೆಳತಿಗೆ ಕರೆ ಮಾಡಿ ಸ್ಕ್ರೀನ್‌ಶಾಟ್ ತೆಗೆಯುತ್ತಾಳೆ. ಸ್ಯಾಮ್‌ಸಂಗ್ ಫೋನಾದರೆ ಕಡತದ ಹೆಸರಿನಲ್ಲೇ ದಿನವೂ ಸಮಯವೂ ಇರುತ್ತದೆ:

```
Screenshot_20241103_090412_WhatsApp.jpg
```

ಆದರೆ ಅದೇ ಕ್ಷಣದಲ್ಲಿ ಆ ಕಡೆಯವಳೂ ಬಟನ್ ಒತ್ತಿದ್ದರೆ ಅವಳ ಫೋನಿನಲ್ಲಿ ಕೂರುವ ಹೆಸರು ಇದು:

```
Screenshot_20241102_203412_WhatsApp.jpg
```

ಅಲ್ಲಿ ಇನ್ನೂ ಶನಿವಾರ ರಾತ್ರಿ ಎಂಟೂವರೆ. ಇಲ್ಲಿ ಬಲಿಪಾಡ್ಯಮಿ ಕಳೆದಿದೆ, ಅಲ್ಲಿ ತಾರೀಖು ಇನ್ನೂ 2. ‘ಹಬ್ಬದ ದಿನ ಮಾತಾಡಿದ್ದು’ ಎಂದು ಬರೆದರೆ ಒಬ್ಬಳ ಪಾಲಿಗೆ ಸರಿ, ಇನ್ನೊಬ್ಬಳ ಪಾಲಿಗೆ ಒಂದು ದಿನ ತಡ. ಅಷ್ಟೇ ಆಗಿದ್ದರೆ ಹನ್ನೆರಡೂವರೆ ಗಂಟೆ ಕಳೆದು ಲೆಕ್ಕ ಹಾಕಿಕೊಳ್ಳಬಹುದಿತ್ತು. ಆದರೆ ಸ್ಯಾನ್ ಹೋಸೆ ಇರುವ ಕ್ಯಾಲಿಫೋರ್ನಿಯಾದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ವರ್ಷ ಅದು ಈ ಕರೆ ಮುಗಿದ ಕೆಲವೇ ಗಂಟೆಗಳಲ್ಲಿ ನಡೆಯಿತು. ಮುಂದಿನ ಭಾನುವಾರ ಇಲ್ಲಿ 9 ಗಂಟೆಯಾದಾಗ ಅಲ್ಲಿ ಏಳೂವರೆ. ನಮ್ಮ ಐಟಿ ಕಂಪನಿಗಳಲ್ಲಿ ‘ಕಾಲ್ ಒಂದು ಗಂಟೆ ಮುಂದಕ್ಕೆ ಹೋಯ್ತು’ ಎಂದು ಪ್ರತಿ ನವೆಂಬರಿನಲ್ಲೂ ಗೊಣಗುವುದು ಇದಕ್ಕೇ. ವರ್ಷಗಳ ಮೇಲೆ ಈ ಚಿತ್ರ ನೋಡುವವರು ಅಂತರ ಎಷ್ಟಿತ್ತು ಎಂದು ನೆನಪಿನಿಂದ ಹೇಳಲಾರರು. ಹಾಗಾಗಿ ಎರಡೂ ಊರಿನ ಹೆಸರು, ಎರಡೂ ಕಡೆಯ ವಾರ ಮತ್ತು ಸಮಯ ಶೀರ್ಷಿಕೆಯಲ್ಲೇ ಇರಬೇಕು.

ಇನ್ನು ಎಡಬಲದ ತೊಡಕು. ಕರೆಯಲ್ಲಿ ನಮ್ಮ ಮುಖ ನಮಗೆ ಕಾಣುವುದು ಕನ್ನಡಿಯಲ್ಲಿ ಕಂಡಂತೆ, ತಿರುಗುಮುರುಗಾಗಿ. ಆ ಕಡೆಯವರಿಗೆ ಮಾತ್ರ ನಾವು ನೇರವಾಗಿ ಕಾಣುತ್ತೇವೆ. ನಿಮ್ಮ ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ಸ್ಕ್ರೀನ್‌ಶಾಟಿನಲ್ಲಿ ತಿರುಗಿದ್ದರೆ ಬಟನ್ ಒತ್ತಿದ್ದು ನೀವೇ. ಗೆಳತಿಯ ಟೀ ಶರ್ಟಿನ ಅಕ್ಷರ ತಿರುಗಿದ್ದರೆ ಚಿತ್ರ ಬಂದದ್ದು ಅವಳ ಫೋನಿನಿಂದ. ನಾಲ್ಕೈದು ಜನ ಸೇರಿದ ಕರೆಯಲ್ಲಿ ಚೌಕಗಳ ಸಾಲೂ ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಥರ ಇರಬಹುದು. ಆದ್ದರಿಂದ ‘ಎಡದಿಂದ’ ಎಂದು ಬರೆಯುವ ಮೊದಲು ‘ಯಾರ ಪರದೆಯಿಂದ’ ಎಂದು ಬರೆಯಬೇಕು. ಹಳೆಯ ಗ್ರೂಪ್ ಫೋಟೊದಲ್ಲಿ ಸ್ಟುಡಿಯೊ ಹೆಸರು ಇರುತ್ತಿದ್ದ ಮೂಲೆ ಈಗ ಇದಕ್ಕೆ ಸಲ್ಲುತ್ತದೆ.

ಒಂದೇ ಗಳಿಗೆ ಎಂಬುದೂ ಪೂರ್ತಿ ನಿಜವಲ್ಲ. ಬೆಂಗಳೂರಿನಿಂದ ಸ್ಯಾನ್ ಹೋಸೆಯ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊ ನೇರ ಅಳತೆಯಲ್ಲೇ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ದಾರಿಗೇ ಕನಿಷ್ಠ 70 ಮಿಲಿಸೆಕೆಂಡ್ ಬೇಕು. ಕೇಬಲ್ ಸುತ್ತುಬಳಸಿ ಹೋಗುತ್ತದೆ, ಚಿತ್ರವನ್ನು ಕುಗ್ಗಿಸಿ ಮತ್ತೆ ಹಿಗ್ಗಿಸಲೂ ಹೊತ್ತು ಹಿಡಿಯುತ್ತದೆ. ನಿಮ್ಮ ಸಣ್ಣ ಚೌಕದಲ್ಲಿರುವುದು ಈಗಿನ ನೀವು, ದೊಡ್ಡ ಚೌಕದಲ್ಲಿರುವುದು ತುಸು ಹಿಂದಿನ ಗೆಳತಿ. ಇಬ್ಬರೂ ‘ಒಂದು, ಎರಡು, ಮೂರು’ ಎಂದು ಕೈಬೀಸಿದರೆ ಒಬ್ಬರ ಕೈ ಕೆಳಗಿಳಿದಿರುವುದು ಇದರಿಂದ. ನೆಟ್‌ವರ್ಕ್ ತಡವರಿಸಿದ್ದರೆ ಮುಖ ಚೌಕಚೌಕವಾಗಿ ಒಡೆದಿರುತ್ತದೆ. ಆ ಚಿತ್ರವನ್ನು ಬಿಸಾಡದೆ, ಯಾಕೆ ಹಾಗಾಯಿತು ಎಂದು ಬರೆದಿಡುವುದನ್ನು ನಾನು ಮೆಚ್ಚುತ್ತೇನೆ.

ಶೀರ್ಷಿಕೆ ಬರೆಯುವ ಮುನ್ನ ಚಿತ್ರದ ಅಂಚುಗಳನ್ನು ನೋಡಿ. 2020ರ ಮಾರ್ಚ್ 31ರಂದು ಬ್ರಿಟನ್ನಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ತಮ್ಮ ಮೊದಲ ಆನ್‌ಲೈನ್ ಸಂಪುಟ ಸಭೆಯ ಸ್ಕ್ರೀನ್‌ಶಾಟ್ ಹಂಚಿಕೊಂಡಾಗ ಅದರಲ್ಲಿ ಝೂಮ್ ಸಭೆಯ ಸಂಖ್ಯೆಯೂ ಕಾಣುತ್ತಿತ್ತು. ನಮ್ಮ ಚಿತ್ರಗಳಲ್ಲಿ ನುಸುಳುವುದು ಮೇಲಿನಿಂದ ಇಳಿಯುವ ಬ್ಯಾಂಕಿನ ಒಟಿಪಿ ಸಂದೇಶ, ಹಿಂದೆ ತೆರೆದಿಟ್ಟ ಆಫೀಸಿನ ಲ್ಯಾಪ್‌ಟಾಪ್. ಕರೆಯ ಮಧ್ಯೆ ಸ್ಕ್ರೀನ್‌ಶಾಟ್ ತೆಗೆದರೆ ವಾಟ್ಸಾಪ್ ಆ ಕಡೆಯವರಿಗೆ ತಿಳಿಸುವುದಿಲ್ಲ. ಹೇಳಿಯೇ ತೆಗೆಯುವುದು ಲೇಸು.

ಮೇಲಿನ ಉದಾಹರಣೆಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ವೈಟ್‌ಫೀಲ್ಡ್, ಭಾನುವಾರ 3-11-2024, ಬೆಳಿಗ್ಗೆ 9.04, ಸ್ಯಾನ್ ಹೋಸೆಯಲ್ಲಿ ಶನಿವಾರ ರಾತ್ರಿ 8.34. ದೊಡ್ಡ ಚೌಕದಲ್ಲಿ ಅವಳು, ಮೂಲೆಯಲ್ಲಿ ನಾನು, ನನ್ನ ಪರದೆಯಿಂದ. ಅಲ್ಲಿ ಹೋಳಿಗೆ ಇನ್ನೂ ಒಲೆಯ ಮೇಲಿತ್ತು, ಇಲ್ಲಿ ಖಾಲಿಯಾಗಿತ್ತು.’ ಕೊನೆಯ ಸಾಲಿನಂಥದ್ದು ಒಂದಿರಲಿ, ಚಿತ್ರದಲ್ಲಿ ಕಾಣದ್ದನ್ನು ಹೇಳುವಂಥದ್ದು.

ಎಲ್ಲಿ ಬರೆಯಬೇಕು ಎಂಬುದೂ ಮುಖ್ಯ. ವಾಟ್ಸಾಪಿನಲ್ಲಿ ಚಿತ್ರದ ಕೆಳಗೆ ಟೈಪ್ ಮಾಡಿದ್ದು ಆ ಸಂದೇಶಕ್ಕೆ ಅಂಟಿರುತ್ತದೆ; ಗ್ಯಾಲರಿಗೆ ಇಳಿದ ಚಿತ್ರದ ಜೊತೆ ಬರುವುದಿಲ್ಲ. ಮೂರು ದಿನ ಬಿಟ್ಟು ಕಳಿಸಿದರೆ, ಪಡೆದವರ ಆಂಡ್ರಾಯ್ಡ್ ಫೋನಿನಲ್ಲಿ `IMG-20241106-WA0007.jpg` ಎಂಬಂಥ ಹೆಸರು ಬಂದು, ಮಾತಾಡಿದ ದಿನ ಅಳಿಸಿ ತಲುಪಿದ ದಿನ ಉಳಿಯುತ್ತದೆ. ಇಷ್ಟವಾದ ಒಂದೆರಡನ್ನಾದರೂ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಬರೆದು, ಒಂದು ಪ್ರತಿಯನ್ನು ಆ ಕಡೆಯವರ ಊರಿಗೆ ಅಂಚೆಯಲ್ಲಿ ಕಳಿಸಿ.