ಹಾಡು ಮುಗಿಯುವಷ್ಟರಲ್ಲಿ ಆಟಿಕೆ ಗೂಡಿಗೆ

ಶಿಶುವಿಹಾರದಲ್ಲಿ ದಿನವಿಡೀ ಶಾಂತವಾಗಿರುವ ಮಕ್ಕಳು ಗಲಾಟೆ ಎಬ್ಬಿಸುವುದು ಸಾಮಾನ್ಯವಾಗಿ ಎರಡು ಚಟುವಟಿಕೆಗಳ ನಡುವಿನ ಸಮಯದಲ್ಲಿ. ಆಟದಿಂದ ತಿಂಡಿಗೆ, ತಿಂಡಿಯಿಂದ ಕಥೆಗೆ, ಕಥೆಯಿಂದ ಅಂಗಳಕ್ಕೆ ಹೋಗುವ ಹೊತ್ತಿನಲ್ಲಿ ಒಬ್ಬ ಅಳುತ್ತಾನೆ, ಇನ್ನೊಬ್ಬಳು ಓಡುತ್ತಾಳೆ, ಮತ್ತೊಬ್ಬ ಕೈಯಲ್ಲಿದ್ದುದನ್ನು ಎಸೆಯುತ್ತಾನೆ. ಮನೆಯಲ್ಲೂ ಅಷ್ಟೇ. ‘ಊಟಕ್ಕೆ ಬಾ’ ಎಂದು ನಾಲ್ಕು ಸಲ ಕೂಗಿದರೂ ಆಟಿಕೆಗಳ ನಡುವೆ ಕುಳಿತ ಮಗು ಏಳುವುದಿಲ್ಲ.

ಇದು ಹಟವೇ ಆಗಿರಬೇಕಾಗಿಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ‘ಇನ್ನು ಐದು ನಿಮಿಷ’ ಎಂದರೆ ಎಷ್ಟೆಂದು ತಿಳಿಯದು. ಮಾಡುತ್ತಿರುವ ಕೆಲಸವನ್ನು ನಿಲ್ಲಿಸುವುದು, ಅದನ್ನು ಮನಸ್ಸಿನಿಂದ ಬಿಡುವುದು, ಮುಂದಿನದಕ್ಕೆ ಹೊರಳುವುದು, ಈ ಮೂರನ್ನೂ ಒಟ್ಟಿಗೆ ಮಾಡುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಹಾಡು ಇಲ್ಲಿ ಗಡಿಯಾರದ ಕೆಲಸ ಮಾಡುತ್ತದೆ. ಮುಳ್ಳು ನೋಡಲು ಬಾರದ ಮಗುವಿಗೂ ಹಾಡಿನ ಮೊದಲು, ನಡು, ಕೊನೆ ಗೊತ್ತಾಗುತ್ತದೆ.

ಒಂದು ತರಗತಿಯ ಲೆಕ್ಕ

ನಾಲ್ಕು ವರ್ಷದ 20 ಮಕ್ಕಳಿರುವ ಒಂದು ಕೋಣೆ ಎಂದಿಟ್ಟುಕೊಳ್ಳೋಣ. ಮರದ ತುಂಡುಗಳಿಂದ ಕಟ್ಟುವ ಆಟ ನಡೆದಿದೆ. 10.30ಕ್ಕೆ ಕೈತೊಳೆದು ಉಸಲಿ ತಿನ್ನಲು ಕೂರಬೇಕು.

10.20ಕ್ಕೆ ಟೀಚರ್ ಮೊದಲ ಸೂಚನೆ ಕೊಡುತ್ತಾರೆ. ಇಡೀ ಕೋಣೆಗೆ ಕೇಳುವಂತೆ ಕೂಗುವುದಿಲ್ಲ. ಒಂದೊಂದು ಗುಂಪಿನ ಬಳಿ ಹೋಗಿ, ಮಕ್ಕಳ ಎತ್ತರಕ್ಕೆ ಕುಳಿತು, ‘ಸೇತುವೆಗೆ ಇನ್ನೆರಡು ತುಂಡು ಇಡಿ, ಆಮೇಲೆ ಗಂಟೆ ಬಾರಿಸುತ್ತೇನೆ’ ಎನ್ನುತ್ತಾರೆ. ನಿಮಿಷದ ಲೆಕ್ಕಕ್ಕಿಂತ ಎರಡು ತುಂಡಿನ ಲೆಕ್ಕ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ.

10.24ಕ್ಕೆ ಗಂಟೆ. ಪೂಜೆಯ ಪುಟ್ಟ ಗಂಟೆಯೋ ಭಜನೆಯ ತಾಳವೋ ಸಾಕು. ಬಾರಿಸುವುದು ಒಂದೇ ಸಲ. ಆ ಸದ್ದು ಕೇಳಿದಾಗ ಕೈಗಳನ್ನು ತಲೆಯ ಮೇಲಿಟ್ಟು ಟೀಚರ್ ಕಡೆ ನೋಡಬೇಕೆಂಬುದನ್ನು ಮಕ್ಕಳಿಗೆ ಮೊದಲೇ ಆಟದಂತೆ ಕಲಿಸಿರಬೇಕು. ಕೈ ತಲೆಯ ಮೇಲಿದ್ದಾಗ ಕೈಯಲ್ಲಿ ತುಂಡು ಇರಲಾರದು. ಸೂಚನೆಯ ಗುಟ್ಟೇ ಇದು: ‘ಸುಮ್ಮನಿರಿ’ ಎನ್ನುವ ಬದಲು ಮಾಡಲು ಒಂದು ಕೆಲಸ ಕೊಡುವುದು.

ಕೂಡಲೇ ಹಾಡು ಶುರು. ಅದಕ್ಕೆ ದೊಡ್ಡ ಕವಿತೆ ಬೇಡ. ಯಾವ ವಸ್ತು ಎಲ್ಲಿಗೆ ಎಂಬುದನ್ನು ಹೇಳುವ ನಾಲ್ಕು ಸಾಲುಗಳನ್ನು ನೀವೇ ಕಟ್ಟಬಹುದು:

ಮರದ ತುಂಡು ಬುಟ್ಟಿಗೆ,
ಪುಟ್ಟ ಗೊಂಬೆ ಗೂಡಿಗೆ,
ಕಾರು ಬಸ್ಸು ಡಿಪೋಗೆ,
ನಾವು ಮೆಲ್ಲ ಚಾಪೆಗೆ.

ಒಂದು ಸುತ್ತಿಗೆ ಸುಮಾರು 15 ಸೆಕೆಂಡು. ಎಂಟು ಸುತ್ತು ಹಾಡಿದರೆ ಎರಡು ನಿಮಿಷ. ಕೊನೆಯ ಎರಡು ಸುತ್ತಿಗೆ ದನಿ ತಗ್ಗಬೇಕು, ಗತಿ ನಿಧಾನವಾಗಬೇಕು. ಕೊನೆಯ ಸಾಲು ಪಿಸುಮಾತಿನಷ್ಟಾದಾಗ ಮಕ್ಕಳ ಕಾಲೂ ತಾನಾಗಿ ಮೆಲ್ಲಗಾಗುತ್ತದೆ. ವೇಗದ ಹಾಡು ಆರಿಸಿಕೊಂಡರೆ ಆಗುವುದು ತದ್ವಿರುದ್ಧ. ಮಕ್ಕಳು ಓಡುತ್ತಾರೆ, ತುಂಡುಗಳನ್ನು ಬುಟ್ಟಿಗೆ ಎಸೆಯುತ್ತಾರೆ.

ಹಾಡು ಹೇಳುವ ಬುಟ್ಟಿ, ಗೂಡು, ಡಿಪೋ ಕೋಣೆಯಲ್ಲಿ ನಿಜಕ್ಕೂ ಇರಬೇಕು. ಓದಲು ಬಾರದ ಮಕ್ಕಳಿಗಾಗಿ ಬುಟ್ಟಿಯ ಮೇಲೆ ತುಂಡಿನ ಚಿತ್ರ, ರಟ್ಟಿನ ಪೆಟ್ಟಿಗೆಯ ಮೇಲೆ ಬಸ್ಸಿನ ಚಿತ್ರ ಅಂಟಿಸಬೇಕು. ಜಾಗ ಗೊತ್ತಿಲ್ಲದ ಮಗು ಎಷ್ಟು ಹಾಡಿದರೂ ವಸ್ತು ಹಿಡಿದು ನಿಂತೇ ಇರುತ್ತದೆ.

ಅಳುವಿಗೆ ಒಂದು ಕಪಾಟು

ಇಷ್ಟಾದರೂ ಒಬ್ಬ ಹುಡುಗ ಅಳುತ್ತಾನೆ ಎನ್ನಿ. ಕಾರಣ ಹುಡುಕಿದರೆ, ಅವನ ಕೋಟೆ ಇನ್ನೂ ಮುಗಿದಿರುವುದಿಲ್ಲ. ದೊಡ್ಡವರಿಗೆ ಅದು ತುಂಡುಗಳ ರಾಶಿ, ಅವನಿಗೆ ಬೆಳಗಿನಿಂದ ಕಟ್ಟಿದ ಕೋಟೆ. ಅಂಥವರಿಗಾಗಿ ಹಲವು ಶಿಕ್ಷಕಿಯರು ಮೂಲೆಯಲ್ಲಿ ‘ನಾಳೆಯ ಹಲಗೆ’ ಇಡುತ್ತಾರೆ. ಮುಗಿಯದ ಕೆಲಸಕ್ಕೆ ಮಗುವಿನ ಚಿತ್ರವಿರುವ ಚೀಟಿ ಹಚ್ಚಿ ಅಲ್ಲೇ ಬಿಡುತ್ತಾರೆ. ಜಾಗವಿಲ್ಲದಿದ್ದರೆ ಒಂದೇ ಒಂದು ಕೋಟೆಗಾದರೂ ಅವಕಾಶ ಕೊಟ್ಟು, ದಿನಕ್ಕೊಬ್ಬರ ಸರದಿ ಮಾಡಬಹುದು.

ಕಾಯುವಿಕೆಯೇ ಗದ್ದಲದ ಮೂಲ

ಚಾಪೆಗೆ ಬಂದ 20 ಮಕ್ಕಳನ್ನೂ ಒಟ್ಟಿಗೆ ನಲ್ಲಿಗೆ ಕಳಿಸಿದರೆ ಅಲ್ಲಿ ಹದಿನೆಂಟು ಮಂದಿ ಸುಮ್ಮನೆ ನಿಲ್ಲಬೇಕಾಗುತ್ತದೆ. ನೂಕಾಟ ಹುಟ್ಟುವುದು ಅಲ್ಲಿಯೇ. ಅದರ ಬದಲು ನಾಲ್ಕು ನಾಲ್ಕು ಮಕ್ಕಳನ್ನು ಕಳಿಸಿ, ಉಳಿದವರೊಂದಿಗೆ ಬೆರಳಾಟದ ಪದ ಹೇಳುತ್ತಿರಬೇಕು. ಯಾರನ್ನು ಕಳಿಸುವುದೆಂಬುದನ್ನೂ ಆಟ ಮಾಡಬಹುದು: ‘ಕೆಂಪು ಅಂಗಿ ತೊಟ್ಟವರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ.’

ಮೆಲುದನಿಯ ಈ ಉಪಾಯ ಹೊಸದಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ತಮ್ಮ ಶಾಲೆಯಲ್ಲಿ ‘ಮೌನದ ಆಟ’ ಆಡಿಸುತ್ತಿದ್ದರು. ಮಕ್ಕಳೆಲ್ಲ ನಿಶ್ಶಬ್ದವಾಗಿ ಕುಳಿತ ಮೇಲೆ ಪಕ್ಕದ ಕೋಣೆಯಿಂದ ಪಿಸುದನಿಯಲ್ಲಿ ಒಂದೊಂದೇ ಹೆಸರು ಕರೆಯುವುದು, ಕರೆದ ಮಗು ಸದ್ದಾಗದಂತೆ ನಡೆದು ಬರುವುದು. 1939ರಲ್ಲಿ ಭಾರತಕ್ಕೆ ಬಂದ ಅವರು ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದರು. ತನ್ನ ಹೆಸರು ಎಲ್ಲಿ ತಪ್ಪಿಹೋದೀತೋ ಎಂದು ಕಿವಿಗೊಡುವ ಮಗು ಗದ್ದಲ ಮಾಡುವುದಿಲ್ಲ.

ಎಲ್ಲಿ ಕೆಡುತ್ತದೆ?

ಹೆಚ್ಚಾಗಿ ಕೆಡುವುದು ಗಂಟೆಯನ್ನು ಮತ್ತೆ ಮತ್ತೆ ಬಾರಿಸುವುದರಿಂದ. ಮೂರನೆಯ ಸಲಕ್ಕೆ ಏಳಬೇಕೆಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಯಾರಾದರೂ ಗಂಟೆಗೆ ಓಗೊಡದಿದ್ದರೆ ಅವರ ಬಳಿ ಹೋಗಿ ಭುಜ ಮುಟ್ಟಿ ಹೇಳಬೇಕು. ವಾರಕ್ಕೊಂದು ಹೊಸ ಹಾಡು ತರುವುದೂ ತಪ್ಪು; ಹಾಡಿಗೆ ಬಲ ಬರುವುದು ಅದು ಹಳತಾದಾಗ. ಹಾಡನ್ನು ಇತರರಿಗೆ ಒಪ್ಪಿಸಿ ದೊಡ್ಡವರು ಕೈಕಟ್ಟಿ ನಿಂತರೂ ಕೆಲಸ ಸಾಗದು. ಮೊದಲ ವಾರಗಳಲ್ಲಿ ಟೀಚರ್ ಹಾಡುತ್ತಲೇ ತುಂಡು ಹೆಕ್ಕಬೇಕು.

ಕೆಲವು ಮಕ್ಕಳಿಗೆ ಸದ್ದೇ ಕಿರಿಕಿರಿ, ಕೆಲವರಿಗೆ ಕಿವಿ ಸರಿಯಾಗಿ ಕೇಳದು. ಅಂಥವರಿಗೆ ಮುಂದಿನ ಕೆಲಸದ ಚಿತ್ರವನ್ನು, ಅಂದರೆ ತಟ್ಟೆ ಅಥವಾ ನಲ್ಲಿಯ ಚಿತ್ರವನ್ನು, ಮೊದಲೇ ಕೈಗೆ ಕೊಡುವುದು ಒಳ್ಳೆಯದು. ಹಸಿವಾದ, ನಿದ್ದೆಗೆಟ್ಟ ಮಗುವಿಗೆ ಯಾವ ಹಾಡೂ ಮದ್ದಲ್ಲ.

ಮನೆಯಲ್ಲಿ

ಶಾಲೆಯ ಹಾಡನ್ನು ಕೇಳಿ ತಿಳಿದುಕೊಂಡು ರಾತ್ರಿ ಊಟಕ್ಕೆ ಮೊದಲು ಅದನ್ನೇ ಹಾಡಿ. ಹೈಸ್ಕೂಲಿಗೆ ಹೋಗುವ ಅಕ್ಕನೋ ಅಣ್ಣನೋ ಹಾಡಿದರೆ ಪುಟ್ಟ ತಂಗಿ ಇನ್ನೂ ಬೇಗ ಏಳುತ್ತಾಳೆ.

ಟೀವಿ ಮತ್ತು ಮೊಬೈಲಿನ ವಿಷಯದಲ್ಲಿ ಮಾತ್ರ ಮುನ್ಸೂಚನೆ ತಿರುಗುಬಾಣವಾಗಬಹುದು. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿರುವ ಮನೆಗಳನ್ನು ಗಮನಿಸಿದಾಗ, ‘ಇನ್ನು ಎರಡೇ ನಿಮಿಷ’ ಎಂದು ಹೇಳಿದಾಗ ಮಕ್ಕಳ ರಂಪ ಹೆಚ್ಚಿದ್ದು ಕಂಡುಬಂತು. ಕಾರ್ಯಕ್ರಮ ತಾನಾಗಿ ಮುಗಿದಾಗ, ಅಥವಾ ನಿಲ್ಲಿಸುವುದು ದಿನಚರಿಯ ಭಾಗವೇ ಆಗಿದ್ದಾಗ ಬೀಳ್ಕೊಡುಗೆ ಸುಲಭವಾಗಿತ್ತು. ಆದ್ದರಿಂದ ನಿಮಿಷ ಎಣಿಸುವ ಬದಲು ‘ಈ ಕಥೆ ಮುಗಿದ ಮೇಲೆ ಸ್ನಾನ’ ಎಂದು ದಿನವೂ ಒಂದೇ ಕ್ರಮ ಇಟ್ಟುಕೊಳ್ಳಿ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ಗಂಟೆ ಬಾರಿಸಿದ ಕ್ಷಣದಿಂದ ಕೊನೆಯ ಮಗು ಚಾಪೆಯಲ್ಲಿ ಕೂರುವವರೆಗಿನ ಸಮಯವನ್ನು ಎರಡು ವಾರ ಬರೆದಿಡಿ. ಅದು ಇಳಿಯುತ್ತಾ ಬಂದರೆ ಸರಿ. ಇಳಿಯದಿದ್ದರೆ ಹಾಡನ್ನು ಬದಲಿಸಬೇಡಿ. ಬುಟ್ಟಿ ಸಾಕಷ್ಟಿದೆಯೇ, ಯಾವ ಜಾಗದಲ್ಲಿ ಮಕ್ಕಳು ಕಾಯುತ್ತಿದ್ದಾರೆ ಎಂದು ಮೊದಲು ನೋಡಿ.