ದೊಡ್ಡಪ್ಪನ ಫಾರ್ವರ್ಡ್‌ಗೆ ಗುಂಪಿನಲ್ಲೇ ಉತ್ತರ ಬೇಡ

ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ 2018ರಲ್ಲಿ ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತಿತು. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯ ಸಂಸ್ಥೆಯೊಂದು ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ತಂದು ಬಿಡುತ್ತಾರೆ. ಹಂಚಿದವರು ಆ ಭಾಗವನ್ನೇ ಕತ್ತರಿಸಿದ್ದರು. ಆ ವರ್ಷದ ಜುಲೈನಲ್ಲಿ, ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು.

ಅಂಥದೇ ಒಂದು ತುಣುಕು, ಕೆಳಗೆ ಒಂದು ಸಮುದಾಯದ ಹೆಸರು ಅಂಟಿಸಿಕೊಂಡು, ನಮ್ಮ ಮನೆತನದ ಗುಂಪಿಗೂ ಬಂತು. ಕಳಿಸಿದವರು ದೊಡ್ಡಪ್ಪ. ‘ಇದು ಸುಳ್ಳು ದೊಡ್ಡಪ್ಪ, ಕಳಿಸೋ ಮುಂಚೆ ನೋಡಬಾರದಾ?’ ಎಂದು ಅವರ ತಮ್ಮನ ಮಗ ಅಲ್ಲೇ ಬರೆದ. ‘ನಾಲ್ಕಕ್ಷರ ಕಲಿತ ಕೂಡಲೇ ದೊಡ್ಡವರಿಗೆ ಬುದ್ಧಿ ಹೇಳ್ತೀಯಾ?’ ಎಂದರು ಚಿಕ್ಕಪ್ಪ. ಇನ್ನೊಬ್ಬರು ಪಕ್ಷದ ಹೆಸರೆತ್ತಿದರು. ಸಂಜೆಯ ಹೊತ್ತಿಗೆ ಅತ್ತಿಗೆ ಗುಂಪು ಬಿಟ್ಟಿದ್ದರು. ವಿಡಿಯೊ ನಿಜವೋ ಸುಳ್ಳೋ ಎಂಬ ಮಾತೇ ಉಳಿದಿರಲಿಲ್ಲ. ಬೀಗರು, ಅಳಿಯಂದಿರೆಲ್ಲ ನೋಡುತ್ತಿರುವಾಗ ‘ನನ್ನದು ತಪ್ಪು’ ಎನ್ನಲು ಎಪ್ಪತ್ತು ದಾಟಿದವರಿಗೆ ದಾರಿ ಎಲ್ಲಿದೆ?

ಇಂಥ ಫಾರ್ವರ್ಡ್‌ಗಳನ್ನು ಗುರುತಿಸಲು ವಾಟ್ಸ್‌ಆ್ಯಪ್ ಒಂದು ಸುಳಿವನ್ನೇನೋ ಕೊಡುತ್ತದೆ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಬಹುದೆಂಬ ಮಿತಿ 2020ರ ಏಪ್ರಿಲ್‌ನಲ್ಲಿ ಬಂತು. ಆದರೆ ಯಾರಾದರೂ ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಹೊಸದಾಗಿ ಹಾಕಿದರೆ ಬಾಣ ಮಾಯ. ಆಗ ಅದು ಕಳಿಸಿದವರ ಸ್ವಂತ ಮಾತಿನಂತೆಯೇ ಕಾಣುತ್ತದೆ. ಹಿರಿಯರು ನಂಬುವುದು ವಿಡಿಯೊವನ್ನಲ್ಲ, ಕಳಿಸಿದ ಗೆಳೆಯನನ್ನು.

ಮರುದಿನ ಹುಡುಗ ಫೋನ್ ಮಾಡಿದ. ‘ಎಲ್ಲಿಂದ ಬಂತು ದೊಡ್ಡಪ್ಪ?’ ಎಂದಷ್ಟೇ ಕೇಳಿದ. ವಾಕಿಂಗ್ ಗೆಳೆಯರ ಗುಂಪಿನಿಂದಂತೆ. ‘ಮೊಮ್ಮಕ್ಕಳು ಹೊರಗೆ ಆಡ್ತಾವಲ್ಲಪ್ಪ, ಹೆದರಿಕೆ ಆಯ್ತು’ ಎಂದರು. ಆ ಹೆದರಿಕೆ ಸುಳ್ಳಲ್ಲ. ಅದನ್ನು ಒಪ್ಪಿಕೊಂಡ ಮೇಲೆಯೇ ಅವನು ಪೂರ್ತಿ ವಿಡಿಯೊ ಕಳಿಸಿದ್ದು. ಕಳಿಸಿದ ಸಂದೇಶವನ್ನು ಎರಡು ದಿನದೊಳಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು ಎಂದೂ ತಿಳಿಸಿದ. ದೊಡ್ಡಪ್ಪ ತಾವೇ ಅಳಿಸಿ, ‘ಅದು ಹಳೇ ವಿಡಿಯೊ, ಯಾರೂ ಮುಂದಕ್ಕೆ ಕಳಿಸಬೇಡಿ’ ಎಂದು ಬರೆದರು. ಅಡ್ಮಿನ್ ಅಳಿಸಿದ್ದರೆ ಅದೇ ಹೊಸ ಅವಮಾನವಾಗುತ್ತಿತ್ತು.

ಈ ದಾರಿ ನಡೆಯುವುದು ವಿಡಿಯೊ ಎಲ್ಲಿಯದು, ಯಾವಾಗಿನದು ಎಂಬಂಥ, ತೋರಿಸಿಕೊಡಬಹುದಾದ ಸಂಗತಿಗಳಿಗೆ ಮಾತ್ರ. ಯಾವ ಪಕ್ಷ ಒಳ್ಳೆಯದು ಎಂಬುದು ಲಿಂಕ್ ಕಳಿಸಿ ತೀರುವ ವ್ಯಾಜ್ಯವಲ್ಲ. ಅದನ್ನು ಹಬ್ಬಕ್ಕೆ ಊರಿಗೆ ಹೋದಾಗ ಎದುರುಬದುರು ಕೂತು ವಾದಿಸಬಹುದು. ಆದರೆ ಒಂದು ಸಮುದಾಯವನ್ನೇ ಕಳ್ಳರೆನ್ನುವ ಸಾಲಿಗೆ ಅಷ್ಟು ದಿನ ಕಾಯುವಂತಿಲ್ಲ. ಅದಕ್ಕೆ ಅವತ್ತೇ ಫೋನ್ ಮಾಡಬೇಕು.